ನಿತ್ಯದ ಪರಿಶೀಲನೆಯೂ ವರ್ಷಾಂತ್ಯದ ಪರೀಕ್ಷೆಯೂ

ಮಕ್ಕಳ ಕಲಿಕೆಯನ್ನು ಅಳೆಯುವ ಎರಡು ಮಾರ್ಗಗಳ ನಡುವೆ ನಮ್ಮ ದೇಶದಲ್ಲಿ ಬಹುಕಾಲದಿಂದ ವ್ಯಾಜ್ಯವು ನಡೆದುಬಂದಿದೆ. ವರ್ಷದ ಕೊನೆಗೆ ಮೂರು ತಾಸು ಬರೆಯಿಸಿ ತೀರ್ಪು ಕೊಡುವುದು ಒಂದು ಮಾರ್ಗವು. ಪಾಠದ ಜೊತೆಜೊತೆಗೇ ತರಗತಿಯಲ್ಲಿ ಆಗಾಗ ಪರಿಶೀಲಿಸುತ್ತ ಹೋಗುವುದು ಇನ್ನೊಂದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಎಂಟನೆಯ ತರಗತಿಯವರೆಗೆ ಎರಡನೆಯದನ್ನು ವಿಧಿಸಿತು. ಅದೇ ವರ್ಷ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು ಒಂಬತ್ತು, ಹತ್ತನೆಯ ತರಗತಿಗಳಿಗೂ ಅದನ್ನು ವಿಸ್ತರಿಸಿ, ನಾಲ್ಕು ಕಿರು ಮೌಲ್ಯಮಾಪನಗಳಿಗೆ ನೂರರಲ್ಲಿ 40 ಭಾಗವನ್ನೂ ಎರಡು ಸಂಕಲನ ಪರೀಕ್ಷೆಗಳಿಗೆ 60 ಭಾಗವನ್ನೂ ಕೊಟ್ಟಿತು. ಆದರೆ 2018ರಲ್ಲಿ ಹತ್ತನೆಯ ತರಗತಿಯ ಮಂಡಳಿ ಪರೀಕ್ಷೆಯು ಎಲ್ಲರಿಗೂ ಮತ್ತೆ ಕಡ್ಡಾಯವಾಯಿತು. ಈ ಹೋಗಿಬರುವಿಕೆಗೆ ಕಾರಣವೇನೆಂಬುದನ್ನು ನಾವು ವಿಚಾರಿಸೋಣ.

ಮೊದಲು ನಿತ್ಯದ ಪರಿಶೀಲನೆಯ ಪಕ್ಷವನ್ನು ಕೇಳೋಣ. ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸೆಂದರೆ, ಮೇಲಿನ ಅಂಕಿಗಳನ್ನು ಮೇಲೆಯೂ ಕೆಳಗಿನವನ್ನು ಕೆಳಗೆಯೂ ಕೂಡಿಸಿ, ಐದನೆಯ ಎರಡು ಎಂದು ಬರೆಯುವ ಮಕ್ಕಳು ಎಲ್ಲ ಶಾಲೆಗಳಲ್ಲಿಯೂ ಇದ್ದಾರೆ. ವರ್ಷಾಂತ್ಯದ ಪತ್ರಿಕೆಯಲ್ಲಿ ಇದಕ್ಕೆ ಸೊನ್ನೆ ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಮಗುವು ಮುಂದಿನ ತರಗತಿಗೆ ಅದೇ ತಪ್ಪನ್ನು ಹೊತ್ತುಕೊಂಡು ಹೋಗುತ್ತದೆ. ಆದರೆ ಪಾಠವಾದ ದಿನವೇ ಈ ಒಂದು ಲೆಕ್ಕವನ್ನು ಚೀಟಿಯಲ್ಲಿ ಬರೆಯಿಸಿಕೊಂಡ ಶಿಕ್ಷಕರಿಗೆ ತಪ್ಪಿನ ಬೇರು ಕಾಣುತ್ತದೆ. ಬಂದ ಉತ್ತರವು ಅರ್ಧಕ್ಕಿಂತಲೂ ಕಡಿಮೆಯೆಂಬುದನ್ನು ರೊಟ್ಟಿಯ ಚಿತ್ರ ಬರೆದು ತೋರಿಸಿದರೆ ಮಗುವು ತಾನೇ ತಿದ್ದಿಕೊಳ್ಳುತ್ತದೆ. ಈ ಉಪಯೋಗವನ್ನು ಯಾವ ವಾರ್ಷಿಕ ಪರೀಕ್ಷೆಯೂ ಕೊಡಲಾರದು.

ಆದರೆ ಇದಕ್ಕೆ ಮಿತಿಯುಂಟು. ನಾಲ್ವತ್ತು ಮಕ್ಕಳ ಪುಸ್ತಕಗಳನ್ನು ತಲೆಗೆ ಮೂರು ನಿಮಿಷದಂತೆ ನೋಡಿದರೂ ಎರಡು ತಾಸು ಬೇಕು. ಅದರ ಮೇಲೆ ಪ್ರತಿಯೊಂದನ್ನೂ ದಾಖಲೆಯಲ್ಲಿ ತುಂಬಬೇಕೆಂದರೆ ಶಿಕ್ಷಕರು ಗುಮಾಸ್ತರಾಗುತ್ತಾರೆ. ಚೀಟಿಗಳನ್ನು ತಿಳಿದವರದು, ಅರೆತಿಳಿದವರದು, ತಿಳಿಯದವರದು ಎಂದು ಮೂರು ಗುಂಪು ಮಾಡಿ, ಮೂರನೆಯ ಗುಂಪಿಗೆ ಮರುದಿನ ಪಾಠ ಹೇಳಿದರೆ ಸಾಕು. ಅದಕ್ಕೆ ದಾಖಲೆ ಪುಸ್ತಕದ ಅಗತ್ಯವಿಲ್ಲ.

ಇನ್ನು ವರ್ಷಾಂತ್ಯದ ಪರೀಕ್ಷೆಯ ಪಕ್ಷ. ಅದು ಒಂದು ದಿನದ ಜ್ವರಕ್ಕೂ ಬಾಯಿಪಾಠಕ್ಕೂ ಒಳಗಾಗುವುದು ನಿಜವೇ. ಆದರೂ ಪ್ರಶ್ನೆಪತ್ರಿಕೆಯು ಎಲ್ಲರಿಗೂ ಒಂದೇ. ಉತ್ತರಗಳನ್ನು ತಿದ್ದುವವರಿಗೆ ಹುಡುಗನ ಮುಖವಾಗಲಿ ಮನೆತನವಾಗಲಿ ತಿಳಿಯದು. ಹಳ್ಳಿಯ ಬಡ ಹುಡುಗನಿಗೆ ಈ ಮರೆಯೇ ದೊಡ್ಡ ರಕ್ಷಣೆ.

ಈ ರಕ್ಷಣೆಯು ಆಂತರಿಕ ಅಂಕಗಳಲ್ಲಿ ಹೇಗೆ ಸಡಿಲವಾಗುತ್ತದೆಂಬುದನ್ನು ನೋಡಿರಿ. ನಮ್ಮ ಎಸ್.ಎಸ್.ಎಲ್.ಸಿ.ಯ ಬಹುತೇಕ ವಿಷಯಗಳಲ್ಲಿ ಬರವಣಿಗೆಗೆ 80, ಶಾಲೆಯೇ ಕೊಡುವ ಆಂತರಿಕ ಅಂಕಗಳು 20. ಉದಾರ ಶಾಲೆಯೊಂದರ ವಿದ್ಯಾರ್ಥಿಯು 34 ಬರೆದು 20 ಪಡೆದನೆಂದು ಭಾವಿಸೋಣ, ಒಟ್ಟು 54. ಕಟ್ಟುನಿಟ್ಟಿನ ಶಾಲೆಯವನು 38 ಬರೆದು 14 ಪಡೆದನು, ಒಟ್ಟು 52. ಹೆಚ್ಚು ಬರೆದವನೇ ಹಿಂದೆ ಬಿದ್ದನು. ಇದನ್ನು ಬಲ್ಲ ಶಿಕ್ಷಕರು ತಮ್ಮ ಮಕ್ಕಳಿಗೆ ಅನ್ಯಾಯವಾಗಬಾರದೆಂದು ಎಲ್ಲರಿಗೂ 18, 19, 20 ಕೊಡತೊಡಗುತ್ತಾರೆ. ಬರವಣಿಗೆಯ ಅಂಕಗಳು 20ರಿಂದ 75ರವರೆಗೆ ಚದುರಿದ್ದು, ಆಂತರಿಕ ಅಂಕಗಳು ಮಾತ್ರ ತುದಿಯಲ್ಲಿಯೇ ಗುಂಪುಗೂಡಿದ್ದರೆ, ಆ 20 ಅಂಕಗಳು ಏನನ್ನೂ ಅಳೆಯುತ್ತಿಲ್ಲವೆಂದು ತಿಳಿಯತಕ್ಕದ್ದು. ಆಗ ನಷ್ಟವು ಇಮ್ಮಡಿ: ತೀರ್ಪೂ ಕೆಟ್ಟಿತು, ತಪ್ಪನ್ನು ಕಾಣಿಸುತ್ತಿದ್ದ ಕಣ್ಣೂ ಕುರುಡಾಯಿತು.

ಅಂಕವೇ ಕಲಿಕೆಗೆ ಅಡ್ಡಬರುವುದೂ ಉಂಟು. ಇಸ್ರೇಲಿನ ರೂತ್ ಬಟ್ಲರ್ ಎಂಬ ವಿದುಷಿಯು 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಮಕ್ಕಳಿಗೆ ಬರಹದ ಮೇಲೆ ಸಲಹೆಯನ್ನು ಮಾತ್ರ ಕೊಡಲಾಯಿತು, ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಎರಡೂ. ಮುಂದುವರಿದವರು ಸಲಹೆ ಮಾತ್ರ ಪಡೆದವರು. ಸಲಹೆಯ ಪಕ್ಕದಲ್ಲಿ ಅಂಕವಿದ್ದಾಗ ಸಲಹೆಯು ನಿಷ್ಫಲವಾಯಿತು.

ಆದ್ದರಿಂದ ಇವೆರಡರಲ್ಲಿ ಯಾವುದು ಮೇಲೆಂಬ ಪ್ರಶ್ನೆಯೇ ಸರಿಯಲ್ಲವೆಂದು ನಮ್ಮ ಅಭಿಪ್ರಾಯವು. ಒಂದು ಔಷಧಕ್ಕಾಗಿ ನಾಡಿ ನೋಡುವುದು. ಇನ್ನೊಂದು ಪ್ರಮಾಣಪತ್ರಕ್ಕಾಗಿ ತೂಗುವುದು. ನಾಡಿ ನೋಡುವವರ ಕೈಗೇ ತಕ್ಕಡಿಯನ್ನೂ ಕೊಟ್ಟುದೇ ಗೊಂದಲದ ಮೂಲವು. ತರಗತಿಯ ಪರಿಶೀಲನೆಯು ವಾರವಾರವೂ ನಡೆಯಲಿ, ಆದರೆ ಅದರ ಅಂಕಗಳು ಪ್ರಮಾಣಪತ್ರಕ್ಕೆ ಸೇರದಿರಲಿ. ಮಾತುಗಾರಿಕೆ, ಪ್ರಯೋಗಶಾಲೆಯ ಕೈಕೆಲಸ ಮೊದಲಾದವುಗಳನ್ನು ಕಾಗದದ ಮೇಲೆ ಅಳೆಯಲಾಗದು. ಅವುಗಳಿಗೆ ಅಂಕವನ್ನು ಕೊಡಲೇಬೇಕಾದಲ್ಲಿ ಬೇರೊಂದು ಶಾಲೆಯ ಶಿಕ್ಷಕರು ಜೊತೆಗೆ ಕುಳಿತು ಕೊಡಲಿ. ಹೊರಗಿನವರನ್ನು ಕರೆಯಿಸುವುದಕ್ಕೆ ಖರ್ಚೂ ತೊಡಕೂ ಉಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಯಾರಿಗೂ ನಂಬಿಕೆಯಿಲ್ಲದ ಇಪ್ಪತ್ತು ಅಂಕಗಳಿಗಿಂತ, ನಂಬಬಹುದಾದ ಐದು ಅಂಕಗಳು ಲೇಸು.