ಎಲೆ ಬರೀ ನೆಪ, ಒಳಗಿರುವುದು ರಸಾಯನ

ಫೆಬ್ರವರಿ 2024ರಲ್ಲಿ ದೌಂಡ ತಾಲ್ಲೂಕಿನ ಕುರ್ಕುಂಭ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪುಣೆ ಪೊಲೀಸರು ಭಾರೀ ಪ್ರಮಾಣದ ಮೆಫೆಡ್ರೋನ್ ವಶಪಡಿಸಿಕೊಂಡರು. ಅಮಲು ಪದಾರ್ಥ ಹೊಲದಲ್ಲಷ್ಟೇ ಅಲ್ಲ, ಕಾರ್ಖಾನೆಯಲ್ಲೂ ಹುಟ್ಟುತ್ತದೆ ಎಂಬುದು ಇಲ್ಲಿನ ಕನ್ನಡಿಗರಿಗೂ ಅಂದು ಮನವರಿಕೆಯಾಯಿತು. ಮೆಫೆಡ್ರೋನ್ ಪುಡಿಯನ್ನು ಕಂಡರೇ ರಸಾಯನವೆಂದು ತಿಳಿಯುತ್ತದೆ. ಆದರೆ ಬೇರೊಂದು ಬಗೆಯ ರಸಾಯನ ಒಣ ಎಲೆಯ ವೇಷ ತೊಟ್ಟು, ‘ಗಿಡಮೂಲಿಕೆ ಮಿಶ್ರಣ’ ಎಂಬ ಹೆಸರಿನಲ್ಲಿ ಬರುತ್ತದೆ. ವಿದೇಶಗಳಲ್ಲಿ ‘ಸ್ಪೈಸ್’, ‘ಕೆ2’ ಎಂದು ಹೆಸರಾದ ಈ ಪೊಟ್ಟಣಗಳನ್ನು ‘ಗಾಂಜಾದಂತೆಯೇ’ ಎಂದು ನಂಬಿದವರು ಮೋಸ ಹೋಗಿದ್ದಾರೆ.

ಗಾಂಜಾ ನಿರಪಾಯಕಾರಿಯಲ್ಲ, 1985ರ ಕಾಯ್ದೆಯಂತೆ ಅದು ಅಪರಾಧವೂ ಹೌದು. ಆದರೂ ಅದರ ಅಮಲಿನ ಅಂಶ ಟಿಎಚ್‌ಸಿ ಗಿಡದಲ್ಲೇ ಬೆಳೆದದ್ದು. ಮಿದುಳಿನ ಗ್ರಾಹಕಗಳನ್ನು ಅದು ನಲ್ಲಿಯನ್ನು ಅರ್ಧ ತಿರುಗಿಸಿದಂತೆ ಭಾಗಶಃ ಮಾತ್ರ ಕೆರಳಿಸುತ್ತದೆ. ಕೃತಕ ರಸಾಯನಗಳಲ್ಲಿ ಹೆಚ್ಚಿನವು ಅದೇ ನಲ್ಲಿಯನ್ನು ಪೂರ್ತಿ ತೆರೆದುಬಿಡುತ್ತವೆ. ಹೀಗಾಗಿಯೇ ಅಪಸ್ಮಾರದಂಥ ಸೆಳೆತ, ವಿಪರೀತ ವಾಂತಿ, ಎದೆಬಡಿತದ ಏರುಪೇರು, ಉನ್ಮಾದ ಕಾಣಿಸಿಕೊಳ್ಳುತ್ತವೆ.

ಪೊಟ್ಟಣದಲ್ಲಿರುವ ಎಲೆಗೆ ಅಮಲಿನಲ್ಲಿ ಪಾತ್ರವಿಲ್ಲ. ದ್ರಾವಕದಲ್ಲಿ ಕರಗಿಸಿದ ರಸಾಯನವನ್ನು ಅದರ ಮೇಲೆ ಸಿಂಪಡಿಸಿ ಒಣಗಿಸುತ್ತಾರೆ. ಸರಿಯಾಗಿ ಕಲಸದ ಅವಲಕ್ಕಿಯಲ್ಲಿ ಉಪ್ಪು ಒಂದೇ ಕಡೆ ಸೇರುವಂತೆ, ಇಲ್ಲೂ ರಸಾಯನ ಒಂದೆಡೆ ಗಟ್ಟಿಯಾಗಿ, ಇನ್ನೊಂದೆಡೆ ಇಲ್ಲವೇ ಇಲ್ಲ ಎಂಬಂತಿರುತ್ತದೆ. ಒಂದೇ ಪೊಟ್ಟಣದ ಮೊದಲ ಚಿಟಿಕೆ ಏನೂ ಮಾಡದೆ, ಎರಡನೆಯದು ಪ್ರಜ್ಞೆ ತಪ್ಪಿಸಬಹುದು. ಒಂದು ರಸಾಯನ ನಿಷೇಧವಾದರೆ ಅಣುರಚನೆ ತುಸು ಬದಲಿಸಿದ ಇನ್ನೊಂದು ಅದೇ ಹೆಸರಿನಲ್ಲಿ ಬರುತ್ತದೆ. ನಿನ್ನೆಯ ಅನುಭವ ಇಂದಿಗೆ ಅಳತೆಯಾಗದು.

2016ರ ಜುಲೈ 12ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಅಂದು ಬೀದಿಯಲ್ಲಿ 33 ಮಂದಿ ಮಂಕು ಬಡಿದವರಂತೆ, ಕರೆದರೂ ಓಗೊಡದೆ ನಿಂತಿದ್ದರು. 18 ಮಂದಿಯನ್ನು ಆಸ್ಪತ್ರೆಗೆ ಸಾಗಿಸಲಾಯಿತು. ಅವರು ಸೇದಿದ ‘ಧೂಪದ ಎಲೆ’ಯನ್ನು ಪರೀಕ್ಷಿಸಿದಾಗ ಪ್ರತಿ ಗ್ರಾಮಿನಲ್ಲಿ ಸರಾಸರಿ 16 ಮಿಲಿಗ್ರಾಮಿನಷ್ಟು ಎಎಂಬಿ-ಫುಬಿನಾಕಾ ಎಂಬ ರಸಾಯನವಿತ್ತು. ಟಿಎಚ್‌ಸಿಗಿಂತ ಅದರ ಕಸುವು ಸುಮಾರು 85 ಪಟ್ಟು ಹೆಚ್ಚೆಂದು ತಜ್ಞರು ಅಂದಾಜಿಸಿದರು. ರೂಪ ಎಲೆಯದೇ ಆಗಿದ್ದರಿಂದ ನೋಡಿದ ಮಾತ್ರಕ್ಕೆ ಇದು ತಿಳಿಯುವಂತಿರಲಿಲ್ಲ.

ಪಾಲಕರು ಗಮನಿಸಬೇಕಾದ ಮಾತೊಂದಿದೆ. ಗಾಂಜಾ ಪತ್ತೆಗೆ ಮಾಡುವ ಸಾಮಾನ್ಯ ಮೂತ್ರಪರೀಕ್ಷೆ ಟಿಎಚ್‌ಸಿಯ ಅಂಶವನ್ನು ಮಾತ್ರ ಹುಡುಕುತ್ತದೆ, ಈ ರಸಾಯನಗಳನ್ನಲ್ಲ. ವರದಿ ‘ನೆಗೆಟಿವ್’ ಬಂದಿತೆಂದು ನಿಶ್ಚಿಂತರಾಗುವಂತಿಲ್ಲ. ಇದಕ್ಕೆ ನಿರ್ದಿಷ್ಟ ಪ್ರತ್ಯೌಷಧವೂ ಇಲ್ಲ. ವೈದ್ಯರು ಲಕ್ಷಣಗಳಿಗೆ ತಕ್ಕಂತೆ ಚಿಕಿತ್ಸೆ ನೀಡಬಲ್ಲರು. ಯಾರಾದರೂ ಸೆಳೆತಕ್ಕೊಳಗಾದರೆ ಅಥವಾ ಪ್ರಜ್ಞೆ ತಪ್ಪಿದರೆ ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಮರ್ಯಾದೆಗೆ ಅಂಜಿ ಪೊಟ್ಟಣವನ್ನು ಎಸೆಯದೆ ವೈದ್ಯರ ಕೈಗೆ ಕೊಡಬೇಕು. ಒಳಗೆ ಏನಿತ್ತೆಂದು ಹೇಳಬಲ್ಲ ಸಾಕ್ಷಿ ಹಲವು ವೇಳೆ ಅದೊಂದೇ ಆಗಿರುತ್ತದೆ.