ಮುಖ ಕಾಣದ ಚಾನೆಲ್‌ಗೆ ಊರಿನ ಗುರುತು

"ಫ್ರೀ ವಿಡಿಯೊ ತೊಗೊಂಡು ಮ್ಯಾಲ ದನಿ ಕೊಟ್ಟು ಹಾಕಿದ್ರ ರೊಕ್ಕ ಬರ್ತದಂತಲ್ಲ, ಖರೇನಾ?" ನಮ್ಮ ಕಲಬುರಗಿ ಕಡೆ ಹೋದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಕ್ಯಾಮೆರಾ ಮುಂದೆ ಕೂರಲು ಸಂಕೋಚ, ಆದರೆ ಹೇಳಲು ವಿಷಯ ಉಂಟು ಎನ್ನುವವರಿಗೆ ಮುಖ ತೋರಿಸದ ಚಾನೆಲ್ ಒಳ್ಳೆಯ ದಾರಿಯೇ. ಯೂಟ್ಯೂಬ್‌ನಲ್ಲಿ ಅದಕ್ಕೆ ನಿಷೇಧವಿಲ್ಲ. ತೊಡಕು ಇರುವುದು ಬೇರೆ ಕಡೆ.

ಅಫಜಲಪುರದ ನನ್ನ ಗೆಳೆಯನೊಬ್ಬ ಎರಡು ವರ್ಷ ಕಷ್ಟಪಟ್ಟು 1,000 ಚಂದಾದಾರರನ್ನೂ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆಯನ್ನೂ ಮುಟ್ಟಿಸಿದ. ಅರ್ಜಿ ಹಾಕಿದ. 'ಮರುಬಳಕೆಯ ವಿಷಯ' ಎಂಬ ಕಾರಣ ಕೊಟ್ಟು ಅರ್ಜಿ ತಿರಸ್ಕೃತವಾಯಿತು. "ಕಾಪಿರೈಟ್ ಒಂದೂ ಬಂದಿಲ್ಲ ದೋಸ್ತ, ಮತ್ಯಾಕ ರಿಜೆಕ್ಟ್ ಮಾಡ್ಯಾರ?" ಎಂದು ಫೋನಿನಲ್ಲಿ ಕೇಳಿದ.

ಕಾಪಿರೈಟ್ ಒಂದು ಬಾಗಿಲು, ಮಾನಿಟೈಸೇಶನ್ ಇನ್ನೊಂದು ಬಾಗಿಲು. ಪೆಕ್ಸೆಲ್ಸ್, ಪಿಕ್ಸಾಬೇ ಮುಂತಾದ ಕಡೆಯಿಂದ ತೆಗೆದ ದೃಶ್ಯಕ್ಕೆ ಪರವಾನಗಿ ಇದೆ ಅಂದರೆ ಮೊದಲ ಬಾಗಿಲು ದಾಟಿದ ಹಾಗೆ. ಸಾಮಾನ್ಯವಾಗಿ ಯಾರೂ ಹಕ್ಕು ಕೇಳಿಕೊಂಡು ಬರುವುದಿಲ್ಲ. ಎರಡನೆಯ ಬಾಗಿಲಲ್ಲಿ ಕೇಳುವುದು, 'ಇದರಲ್ಲಿ ನಿಮ್ಮದೇನು?' ಎಂದು. ದುಡ್ಡು ಕೊಟ್ಟು ಕೊಂಡ ಪರವಾನಗಿಯೂ ಅದಕ್ಕೆ ಉತ್ತರವಲ್ಲ. 2025ರ ಜುಲೈ 15ರಿಂದ ಇದರ ಪಕ್ಕದ ಇನ್ನೊಂದು ನಿಯಮದ ಹೆಸರೂ ಬದಲಾಗಿದೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ವಿಡಿಯೊ ಸುರಿಯುವುದನ್ನು ಮೊದಲು 'ಪುನರಾವರ್ತಿತ' ಎನ್ನುತ್ತಿದ್ದರು, ಈಗ 'ಅಸಲಿಯಲ್ಲದ್ದು' ಎನ್ನುತ್ತಾರೆ.

ಪರಿಶೀಲನೆ ನಡೆಯುವುದು ಒಂದೊಂದು ವಿಡಿಯೊಗಲ್ಲ, ಇಡೀ ಚಾನೆಲ್‌ಗೆ. ಚಾನೆಲ್‌ನ ಮುಖ್ಯ ವಿಷಯ, ಹೆಚ್ಚು ನೋಡಿಸಿಕೊಂಡ ವಿಡಿಯೊ, ಹೊಸ ವಿಡಿಯೊ, ಹೆಚ್ಚು ಗಂಟೆ ತಂದ ವಿಡಿಯೊ, ಶೀರ್ಷಿಕೆ ಮತ್ತು ವಿವರಣೆ, ಇಷ್ಟನ್ನು ಮುಖ್ಯವಾಗಿ ನೋಡುತ್ತಾರೆ. ಗೆಳೆಯನ ಚಾನೆಲ್ ತೆರೆದರೆ 'ಜಗತ್ತಿನ 10 ವಿಚಿತ್ರ ಸೇತುವೆಗಳು', '10 ವಿಚಿತ್ರ ದ್ವೀಪಗಳು'. ಅದೇ ಸಂಗೀತ, ಅದೇ ಡ್ರೋನ್ ದೃಶ್ಯ, ಯಾವುದೋ ಇಂಗ್ಲಿಷ್ ಪುಟದ ಸಾರಾಂಶ. ಅವನ ದನಿ ಚೆನ್ನಾಗಿದೆ. ಆದರೆ ಆ ದನಿ ತೆಗೆದು ಇನ್ನೊಬ್ಬರದ್ದು ಹಾಕಿದರೂ ವಿಡಿಯೊದಲ್ಲಿ ಏನೂ ಕಡಿಮೆಯಾಗುವುದಿಲ್ಲ.

ಹಾಗಾದರೆ ಸ್ಟಾಕ್ ದೃಶ್ಯ ಎಷ್ಟು ಇರಬಹುದು? ಶೇಕಡಾ ಇಷ್ಟು ಅಂತ ಯೂಟ್ಯೂಬ್ ಎಲ್ಲೂ ಬರೆದಿಲ್ಲ. ಹೇಳುವ ಮಾತಿನಲ್ಲಿ ಯೋಚನೆ ನಿಮ್ಮದಾಗಿದ್ದರೆ ಸ್ಟಾಕ್ ಬರೀ ಹಿನ್ನೆಲೆ. ನಾನು ಮಾಡಿದ ಒಂದು ವಿಡಿಯೊದ ಲೆಕ್ಕವನ್ನೇ ಹೇಳುತ್ತೇನೆ.

ವಿಷಯ: ನಮ್ಮಲ್ಲಿ ಮಳೆ ಇಲ್ಲದಿದ್ದರೂ ಭೀಮಾ ನದಿ ಯಾಕೆ ತುಂಬಿ ಬರುತ್ತದೆ? 2020ರ ಅಕ್ಟೋಬರ್‌ ಪ್ರವಾಹ ಕಂಡ ಅಫಜಲಪುರ, ಜೇವರ್ಗಿ ದಂಡೆಯ ಜನರಿಗೆ ಇದು ತಮಾಷೆಯ ಪ್ರಶ್ನೆಯಲ್ಲ. ನೀರು ಬರುವುದು ಮಹಾರಾಷ್ಟ್ರದಿಂದ. ಸೋಲಾಪುರ ಜಿಲ್ಲೆಯ ಉಜನಿ ಜಲಾಶಯದಲ್ಲಿ ಸುಮಾರು 117 ಟಿಎಂಸಿ ನೀರು ನಿಲ್ಲುತ್ತದೆ. ಅದರ ಕೆಳಗೆ ನೀರಾ ನದಿ ಭೀಮೆಗೆ ಸೇರುತ್ತದೆ, ಗಡಿ ಹತ್ತಿರ ಬಂದಾಗ ಸೀನಾ. ಮೂರೂ ಒಟ್ಟಿಗೆ ಉಕ್ಕಿದರೆ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನ ಗೇಟುಗಳನ್ನು ಎತ್ತಲೇಬೇಕು.

ಸುದ್ದಿಯಲ್ಲಿ 'ಒಂದು ಲಕ್ಷ ಕ್ಯೂಸೆಕ್ ಬಿಡುಗಡೆ' ಅಂತ ಬರುತ್ತದೆ. ಹಾಗಂದರೆ ಎಷ್ಟು? ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದಾಜು 28 ಲೀಟರ್. ದಿನಕ್ಕೆ 86,400 ಸೆಕೆಂಡು. ಒಂದು ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ. ಈ ಗುಣಾಕಾರವನ್ನು ಕಾಗದದ ಮೇಲೆ ನನ್ನ ಕೈಯಿಂದ ಮಾಡುತ್ತಾ ಮೇಲಿನಿಂದ ಫೋನಿನಲ್ಲಿ ಚಿತ್ರಿಸಿದೆ. ಕೈ ಮಾತ್ರ ಕಾಣುತ್ತದೆ, ಮುಖ ಬೇಕಾಗಿಲ್ಲ. ಇಡೀ ವಿಡಿಯೊದಲ್ಲಿ ಜನ ಹಿಂದೆ ಸರಿಸಿ ಮತ್ತೆ ನೋಡಿದ್ದು ಇದೇ 40 ಸೆಕೆಂಡನ್ನು.

ಒಟ್ಟು ಐದು ನಿಮಿಷ, 300 ಸೆಕೆಂಡು. ನಕ್ಷೆಗೆ 80 ಸೆಕೆಂಡು. ನದಿಗಳನ್ನು ನಾನೇ ಗೆರೆ ಎಳೆದು ತೋರಿಸಿದ್ದು. ಲೆಕ್ಕಕ್ಕೆ 40. ಫೋನಿನಲ್ಲಿ ತೆಗೆದ ದೃಶ್ಯ 90: ಘತ್ತರಗಿಯ ಭೀಮಾ ದಂಡೆ, ಕಟ್ಟಿಸಂಗಾವಿ ಸೇತುವೆಯ ಕಂಬದ ಮೇಲೆ ನೀರು ಬಿಟ್ಟುಹೋದ ಕೆಸರಿನ ಗೆರೆ. ಉಳಿದ 90 ಸೆಕೆಂಡು ಸ್ಟಾಕ್: ಮೋಡ, ಮಳೆ ಹನಿ, ಅಣೆಕಟ್ಟಿನ ಗೇಟು.

ಸ್ಟಾಕ್‌ನಲ್ಲಿ ಎಡವುವುದು ಹುಡುಕುವಾಗಲೇ. `india flood` ಅಂತ ಹುಡುಕಿದರೆ ತೆಂಗಿನ ಸಾಲು, ಕೇರಳದ ದೋಣಿ ಬರುತ್ತವೆ. ತೊಗರಿ, ಜೋಳದ ಕರಿ ಹೊಲದ ನಡುವೆ ಹರಿಯುವ ಭೀಮೆಯ ಕಥೆಗೆ ಅದನ್ನು ಹಾಕಿದರೆ ಜೇವರ್ಗಿಯ ಯಾವ ಅಜ್ಜನಿಗೂ ಎರಡನೇ ಸೆಕೆಂಡಿಗೇ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ಮಾತು, ಬೇರೆ ಊರಿನ ನೆರೆಯನ್ನು ಭೀಮೆಯದೆಂದು ತೋರಿಸುವುದು ಸುಳ್ಳು. ನದಿ ದಂಡೆಯವರು ಅದನ್ನು ನಂಬಿ ದನ ಬಿಚ್ಚಿಕೊಂಡು ಹೊರಡಬಹುದು. ಹಾಗಾಗಿ ನೆರೆ ತೋರಿಸುವ ಕಡೆ ಸ್ಟಾಕ್ ಬೇಡವೇ ಬೇಡ. ಅಣೆಕಟ್ಟಿನ ದೃಶ್ಯದ ಮೇಲೆ 'ಸಾಂಕೇತಿಕ ದೃಶ್ಯ' ಎಂದು ಬರೆದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕ್ಲಿಪ್ಪನ್ನಂತೂ ಮುಟ್ಟಲಿಲ್ಲ. ತೆಗೆದವರು ಯಾರೋ, ಯಾವ ವರ್ಷದ್ದೋ.

ಮುಗಿದ ಮೇಲೆ ಎರಡು ಪರೀಕ್ಷೆ. ಮೊದಲು ಕಣ್ಣು ಮುಚ್ಚಿ ಕೇಳಿದೆ, ಕಥೆ ಅರ್ಥವಾಗಬೇಕು. ಆಮೇಲೆ ದನಿ ಬಂದ್ ಮಾಡಿ ನೋಡಿದೆ: ಈ ಚಿತ್ರಗಳ ಮೇಲೆ ಗೋದಾವರಿ ನೆರೆಯ ಮಾತು ಕೂರಿಸಿದರೆ ಕೂರುತ್ತದೆಯೇ? ಕೂತರೆ ಅಷ್ಟು ಭಾಗ ನಮ್ಮದಲ್ಲ ಅಂತ ಲೆಕ್ಕ. ದನಿಯಲ್ಲೂ ಬೆಂಗಳೂರಿನ ವಾರ್ತೆಯ ಕನ್ನಡ ಬಿಟ್ಟು "ಹೊಳಿ ಬಂತಂದ್ರ" ಎಂದೇ ಮಾತಾಡಿದೆ. ಫ್ಯಾನ್ ಆಫ್ ಮಾಡಿ, ಕೌದಿ ಹೊದ್ದುಕೊಂಡು ರೆಕಾರ್ಡ್ ಮಾಡಿದೆ. ಬೇಸಿಗೆಯಲ್ಲಿ ಅದೊಂದು ಶಿಕ್ಷೆ.

ಇನ್ನು ಗೆಳೆಯನ ವಿಷಯ. ಅವನು ಸಿಟ್ಟಿನಲ್ಲಿ ಹಳೆಯ ವಿಡಿಯೊಗಳನ್ನೆಲ್ಲ ಅಳಿಸಲು ಹೊರಟಿದ್ದ. ತಡೆದೆ. ಅಳಿಸಿದ ವಿಡಿಯೊದ ಗಂಟೆಗಳು ಲೆಕ್ಕದಿಂದ ಹೋಗುತ್ತವೆ, ಪ್ರೈವೇಟ್ ಮಾಡಿದರೂ ಅಷ್ಟೇ. 4,000ದ ಕೆಳಗೆ ಇಳಿದರೆ ಮತ್ತೆ ಆ ಗೆರೆ ಮುಟ್ಟಿಸಬೇಕು. ಮೊದಲು ಹೊಸ ರೀತಿಯ ವಿಡಿಯೊ ಹಾಕುತ್ತಾ ಹೋಗಿ, ಅವು ಗಂಟೆ ತರಲು ಶುರುಮಾಡಿದ ಮೇಲೆ ಅತಿ ದುರ್ಬಲವಾದುವನ್ನು ಒಂದೊಂದಾಗಿ ತೆಗೆಯಬಹುದು. ತಿರಸ್ಕಾರ ತಪ್ಪು ಅನಿಸಿದರೆ 21 ದಿನದೊಳಗೆ ಮೇಲ್ಮನವಿ ಉಂಟು. ಅದಕ್ಕೆ ಐದು ನಿಮಿಷಕ್ಕಿಂತ ಚಿಕ್ಕದೊಂದು ವಿಡಿಯೊ ಮಾಡಿ 'ಅನ್‌ಲಿಸ್ಟೆಡ್' ಆಗಿ ಹಾಕಬೇಕು, ಮೊದಲ 30 ಸೆಕೆಂಡಿನಲ್ಲಿ ಚಾನೆಲ್ ವಿಳಾಸ ತೋರಿಸಬೇಕು, ವಿಡಿಯೊ ಹೇಗೆ ಮಾಡುತ್ತೀರಿ ಎಂದು ವಿವರಿಸಬೇಕು. ಮುಖ ತೋರಿಸದವರಿಗೆ ಇಲ್ಲಿ ಸಾಕ್ಷಿಯೆಂದರೆ ಎಡಿಟಿಂಗ್ ಟೈಮ್‌ಲೈನ್, ಕೈಬರಹದ ಸ್ಕ್ರಿಪ್ಟ್, ಕತ್ತರಿಸದ ಮೂಲ ದೃಶ್ಯ, ತಪ್ಪು ಮಾತಾಡಿದ ಟೇಕ್‌ಗಳು. ಜಾಗ ಸಾಲದೆಂದು ಎಲ್ಲರೂ ಮೊದಲು ಅಳಿಸುವುದು ಇವನ್ನೇ. ಒಂದು ವಿಡಿಯೊಗೆ ಒಂದು ಫೋಲ್ಡರ್ ಮಾಡಿ ಇಟ್ಟುಕೊಳ್ಳಿ, ಸ್ಟಾಕ್ ಎಲ್ಲಿಂದ ತಂದಿರಿ ಎಂಬ ಲಿಂಕ್ ಸಮೇತ.

ಗೆಳೆಯನ ಬಳಿ ಅಂಥದ್ದೇನೂ ಉಳಿದಿರಲಿಲ್ಲ. ಹೀಗಾಗಿ ಮೇಲ್ಮನವಿ ಬಿಟ್ಟು, 30 ದಿನ ಕಳೆದ ಮೇಲೆ ಮತ್ತೆ ಅರ್ಜಿ ಹಾಕುವ ದಾರಿ ಹಿಡಿದ. ಈಗ ಆಳಂದದ ಕೊರಳ್ಳಿಯಲ್ಲಿ ಅಮರ್ಜಾ ಅಣೆಕಟ್ಟಿನಿಂದ ಶುರುಮಾಡಿ, ಆ ನದಿ ಗಾಣಗಾಪುರದಲ್ಲಿ ಭೀಮೆಗೆ ಸೇರುವ ಸಂಗಮದವರೆಗೆ ಬೈಕಿನಲ್ಲಿ ಹೋಗಿ ದೃಶ್ಯ ತೆಗೆಯುತ್ತಿದ್ದಾನೆ. ಸೇತುವೆಗಳು ಇದರಲ್ಲೂ ಇವೆ. ಈ ಸಲ ಅವುಗಳ ಹೆಸರನ್ನು ದಂಡೆಯ ಜನರನ್ನೇ ಕೇಳಿ ಬರೆದುಕೊಂಡಿದ್ದಾನೆ.