ಪ್ಲಮ್ ಕೇಕ್‌ಗೆ ಮೂರು ತಿಂಗಳು ರಮ್ ಬೇಕೇ? ಸುಟ್ಟ ಸಕ್ಕರೆ ಅಪಾಯಕಾರಿಯೇ?

ಡಿಸೆಂಬರ್ ಹತ್ತಿರವಾದಂತೆ ಪ್ಲಮ್ ಕೇಕ್ ಬಗ್ಗೆ ಕೆಲವು ಮಾತುಗಳು ಪ್ರತಿ ವರ್ಷವೂ ಕಿವಿಗೆ ಬೀಳುತ್ತವೆ. ಒಣಹಣ್ಣನ್ನು ಮೂರು ತಿಂಗಳಾದರೂ ರಮ್‌ನಲ್ಲಿ ನೆನೆಸದಿದ್ದರೆ ಅದು ಪ್ಲಮ್ ಕೇಕೇ ಅಲ್ಲ ಎನ್ನುವುದು ಒಂದು. ಓವನ್‌ನಲ್ಲಿ ಮದ್ಯವೆಲ್ಲ ಆವಿಯಾಗಿ ಹೋಗುತ್ತದೆ, ಮಕ್ಕಳಿಗೂ ಕೊಡಬಹುದು ಎನ್ನುವುದು ಇನ್ನೊಂದು. ಕಪ್ಪು ಬಣ್ಣಕ್ಕೆ ಹಾಕುವ ಸುಟ್ಟ ಸಕ್ಕರೆಯಿಂದ ಕ್ಯಾನ್ಸರ್ ಬರುತ್ತದೆ ಎನ್ನುವುದು ಮತ್ತೊಂದು. ಮೂರಕ್ಕೂ ಉತ್ತರ ಸಿಗುವುದು ಹಿಟ್ಟು ಕಲಸುವ ಮೊದಲೇ ಮುಗಿಯುವ ಎರಡು ಕೆಲಸಗಳಲ್ಲಿ. ಹಣ್ಣು ನೆನೆಸುವುದು ಒಂದು, ಸಕ್ಕರೆ ಸುಡುವುದು ಇನ್ನೊಂದು.

ಪ್ಲಮ್ ಕೇಕ್‌ನಲ್ಲಿ ಪ್ಲಮ್ ಹಣ್ಣು ಇರಲೇಬೇಕೆಂದಿಲ್ಲ. ಹಳೆಯ ಇಂಗ್ಲಿಷ್ ಬಳಕೆಯಲ್ಲಿ ಒಣದ್ರಾಕ್ಷಿಯಂಥ ಒಣಹಣ್ಣುಗಳಿಗೂ ಪ್ಲಮ್ ಎನ್ನುತ್ತಿದ್ದರು. ನಮ್ಮ ಕರಾವಳಿಗೆ ಈ ಕೇಕ್ ಹೊಸದಲ್ಲ. 1883ರಲ್ಲಿ ತಲಶ್ಶೇರಿಯ ಮಂಬಳ್ಳಿ ಬಾಪು ಎಂಬ ಬೇಕರಿ ಮಾಲೀಕರು, ಬ್ರಿಟಿಷ್ ತೋಟಗಾರರೊಬ್ಬರು ತಂದುಕೊಟ್ಟ ಕೇಕನ್ನು ನೋಡಿ ತಾವೇ ಒಂದನ್ನು ಮಾಡಿದರು ಎಂಬ ಕಥೆ ಪ್ರಸಿದ್ಧ. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕುಸ್ವಾರ್ ತಟ್ಟೆಯ ಜೊತೆಗೆ ಪ್ಲಮ್ ಕೇಕ್ ಕೂಡ ಹಬ್ಬದ ತಿನಿಸು. ಬೆಂಗಳೂರಿನ ಹೋಟೆಲುಗಳಲ್ಲಿ ಅಕ್ಟೋಬರ್-ನವೆಂಬರ್‌ನಲ್ಲೇ ಹಣ್ಣು ಕಲಸುವ ಸಮಾರಂಭ ನಡೆಯುತ್ತದೆ.

ಹಣ್ಣನ್ನು ನೆನೆಸುವುದೇಕೆ?

ಒಣದ್ರಾಕ್ಷಿಯ ತೂಕದಲ್ಲಿ ನೀರಿನ ಪಾಲು ಸುಮಾರು ಶೇ. 15 ಮಾತ್ರ. ಅದನ್ನು ಹಾಗೆಯೇ ಹಿಟ್ಟಿಗೆ ಹಾಕಿದರೆ ಸುತ್ತಲಿನ ಹಿಟ್ಟಿನಿಂದಲೇ ನೀರು ಹೀರಿಕೊಳ್ಳುತ್ತದೆ. ಹೊರಗೆ ಕೇಕ್ ಒಣಗುತ್ತದೆ, ಒಳಗೆ ದ್ರಾಕ್ಷಿ ಮಾತ್ರ ಗಟ್ಟಿಯಾಗಿ ಹಲ್ಲಿಗೆ ಅಂಟುತ್ತದೆ. ಮೊದಲೇ ನೆನೆಸಿದರೆ ಹಣ್ಣು ಹಿಟ್ಟಿನಿಂದ ನೀರು ಕಸಿಯುವುದಿಲ್ಲ. ಬೇಯಿಸಿದ ಮೇಲೂ ತನ್ನ ತೇವವನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಕೇಕ್‌ಗೆ ಬಿಟ್ಟುಕೊಡುತ್ತದೆ. ಮಾಡಿದ ದಿನಕ್ಕಿಂತ ನಾಲ್ಕನೆಯ ದಿನ ಪ್ಲಮ್ ಕೇಕ್ ಚೆನ್ನಾಗಿರುವುದಕ್ಕೆ ಇದೂ ಒಂದು ಕಾರಣ.

ಈ ಕೆಲಸಕ್ಕೆ ಮೂರು ತಿಂಗಳು ಬೇಕಿಲ್ಲ. ಸಣ್ಣಗೆ ಹೆಚ್ಚಿದ ಖರ್ಜೂರ, ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ ತಣ್ಣನೆಯ ದ್ರವದಲ್ಲಿ ಒಂದು ರಾತ್ರಿಯಿಂದ ಒಂದು ದಿನದೊಳಗೆ ಬೇಕಾದಷ್ಟು ಊದಿಕೊಳ್ಳುತ್ತವೆ. ಬಿಸಿ ದ್ರವದಲ್ಲಾದರೆ ಒಂದು ಗಂಟೆಯೂ ಸಾಕು. ತಿಂಗಳುಗಟ್ಟಲೆ ನೆನೆಸುವುದರಿಂದ ಸಿಗುವುದು ರುಚಿ. ರಮ್‌ನ ಖಾರ ಮೆತ್ತಗಾಗುತ್ತದೆ. ಸಿಪ್ಪೆಯ, ಲವಂಗದ, ದಾಲ್ಚಿನ್ನಿಯ ಘಮ ಮದ್ಯದಲ್ಲಿ ಕರಗಿ ಎಲ್ಲ ಹಣ್ಣಿಗೂ ಹಂಚಿಕೆಯಾಗುತ್ತದೆ. ಈ ಘಮ ಬೇಕೆನ್ನುವವರು ಕಾಯಲಿ. ಆದರೆ ಡಿಸೆಂಬರ್ 20ಕ್ಕೆ ನೆನಪಾಯಿತೆಂದು ಕೇಕ್ ಮಾಡುವುದನ್ನೇ ಬಿಡಬೇಕಿಲ್ಲ. ಗೋಡಂಬಿ, ಬಾದಾಮಿಗಳನ್ನು ಮಾತ್ರ ನೆನೆಸಬೇಡಿ, ಅವು ಮೆತ್ತಗಾಗಿ ಕರುಂ ಎನ್ನುವ ಗುಣವೇ ಹೋಗುತ್ತದೆ.

ರಮ್‌ಗೆ ಬದಲು ವೈನ್ ಹಾಕಿದರೆ?

ತೊಂದರೆ ಶುರುವಾಗುವುದು ಇಲ್ಲಿ. ದೀರ್ಘಕಾಲ ನೆನೆಸುವಾಗ ರಮ್‌ಗೆ ರುಚಿಯ ಜೊತೆಗೆ ಇನ್ನೊಂದು ಕೆಲಸವಿದೆ, ಹಣ್ಣು ಕೆಡದಂತೆ ಕಾಯುವುದು. ಒಂದು ಲೆಕ್ಕ ಹಾಕಿ ನೋಡೋಣ. ಅರ್ಧ ಕಿಲೋ ಒಣಹಣ್ಣಿಗೆ 250 ಮಿಲಿ ರಮ್ ಹಾಕಿದ್ದೇವೆ ಎಂದುಕೊಳ್ಳಿ. ಭಾರತದಲ್ಲಿ ಮಾರುವ ರಮ್‌ನಲ್ಲಿ ಸಾಮಾನ್ಯವಾಗಿ ಶೇ. 42.8 ಮದ್ಯಸಾರ ಇರುತ್ತದೆ. ಅಂದರೆ ಭರಣಿಯಲ್ಲಿ ಸುಮಾರು 107 ಮಿಲಿ ಮದ್ಯಸಾರ. ಹಣ್ಣಿನೊಳಗಿನ ನೀರು ಸುಮಾರು 90 ಮಿಲಿ. ಎರಡೂ ಬೆರೆತ ಮೇಲೆ ದ್ರವದಲ್ಲಿ ಉಳಿಯುವ ಮದ್ಯಸಾರ ಹೆಚ್ಚುಕಡಿಮೆ ಶೇ. 30. ಯೀಸ್ಟ್‌ಗಳು ಸಾಮಾನ್ಯವಾಗಿ ಶೇ. 15ರಿಂದ 18ರ ಹೊತ್ತಿಗೇ ಕೈಚೆಲ್ಲುತ್ತವೆ. ಹೀಗಾಗಿ ಈ ಭರಣಿ ತಿಂಗಳುಗಟ್ಟಲೆ ಅಡುಗೆಮನೆಯ ಕಪಾಟಿನಲ್ಲೇ ಇರಬಹುದು.

ಈಗ ರಮ್‌ನ ಜಾಗದಲ್ಲಿ ಅಷ್ಟೇ ಅಳತೆಯ ಮನೆಯ ದ್ರಾಕ್ಷಿ ವೈನ್ ಹಾಕೋಣ. ಅದರಲ್ಲಿ ಮದ್ಯಸಾರ ಶೇ. 12 ಇದ್ದರೆ ಒಟ್ಟು 30 ಮಿಲಿ ಆಯಿತು. ಹಣ್ಣಿನ ನೀರು ಬೆರೆತ ಮೇಲೆ ಉಳಿಯುವುದು ಶೇ. 9ರ ಆಸುಪಾಸು. ಇದು ಯೀಸ್ಟ್ ಆರಾಮವಾಗಿ ಬದುಕುವ ಮಟ್ಟ. ಹಣ್ಣಿನಿಂದ ಇಳಿದ ಸಕ್ಕರೆ ಸ್ವಲ್ಪ ತಡೆಯೊಡ್ಡುತ್ತದೆ ನಿಜ, ಆದರೆ ಅತಿ ಸಿಹಿಯನ್ನೂ ಸಹಿಸುವ ಯೀಸ್ಟ್‌ಗಳಿವೆ. ಅಂದರೆ ರಮ್‌ನ ಪಾಕವಿಧಾನವನ್ನು ಹಾಗೆಯೇ ಇಟ್ಟುಕೊಂಡು ವೈನ್ ಸುರಿದು ಎರಡು ತಿಂಗಳು ಮುಚ್ಚಿಟ್ಟರೆ ಕಾಪಾಡುವವರು ಯಾರೂ ಇಲ್ಲದಂತಾಗುತ್ತದೆ. ಕಿತ್ತಳೆ ಅಥವಾ ದ್ರಾಕ್ಷಿ ರಸದಲ್ಲಂತೂ ಮದ್ಯಸಾರವೇ ಇಲ್ಲ. ನಮ್ಮಲ್ಲೊಬ್ಬರು ಕಳೆದ ವರ್ಷ ಕಿತ್ತಳೆ ರಸ ಹಾಕಿದ ಭರಣಿಯನ್ನು ಕಪಾಟಿನಲ್ಲಿ ಮರೆತು, ನಾಲ್ಕನೆಯ ದಿನ ಮುಚ್ಚಳ ತಿರುಗಿಸಿದಾಗ ಸೋಡಾ ಬಾಟಲಿಯಂತೆ ಬುಸ್ಸೆಂದಿತು. ಗಾಳಿಯಾಡದ ಗಾಜಿನ ಭರಣಿಯಾಗಿದ್ದರೆ ಒಡೆಯಲೂಬಹುದಿತ್ತು.

ಕೆಟ್ಟಿದೆ ಎಂದು ತಿಳಿಯುವುದು ಕಷ್ಟವಲ್ಲ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದರೆ, ಹುಳಿ ಅಥವಾ ದೋಸೆಹಿಟ್ಟಿನಂಥ ವಾಸನೆ ಬಂದರೆ, ಮೇಲೆ ಬಿಳಿಯ ಪೊರೆ ಅಥವಾ ಬೂಸ್ಟು ಕಂಡರೆ ಇಡೀ ಭರಣಿಯನ್ನು ಚೆಲ್ಲಬೇಕು. ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸುವುದು ಬೇಡ. ರಮ್ ಹಾಕಿದ ಭರಣಿಯಲ್ಲೂ ದ್ರವದಿಂದ ಮೇಲೆದ್ದ ಹಣ್ಣಿಗೆ ಬೂಸ್ಟು ಬರಬಹುದು. ಆದ್ದರಿಂದ ಹಣ್ಣು ಮುಳುಗಿಯೇ ಇರಲಿ, ಊದಿಕೊಂಡು ಮೇಲೆ ಬಂದರೆ ಇನ್ನಷ್ಟು ರಮ್ ಸುರಿಯಿರಿ, ವಾರಕ್ಕೊಮ್ಮೆ ಭರಣಿಯನ್ನು ಅಲುಗಾಡಿಸಿ. ದ್ರಾಕ್ಷಿಯನ್ನು ತೊಳೆದಿದ್ದರೆ ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿಯೇ ಹಾಕಿ, ಇಲ್ಲದಿದ್ದರೆ ಮೇಲಿನ ಲೆಕ್ಕಕ್ಕೆ ಇನ್ನಷ್ಟು ನೀರು ಸೇರಿದಂತಾಗುತ್ತದೆ.

ಮದ್ಯ ಬೇಡ ಎನ್ನುವವರಿಗೆ ದಾರಿ ಸರಳ. ಅರ್ಧ ಕಿಲೋ ಹಣ್ಣಿಗೆ 200 ಮಿಲಿ ಕಿತ್ತಳೆ ರಸ ಹಾಕಿ ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ, ಮುಚ್ಚಿ ಆರಲು ಬಿಡಿ. ಆರಿದ ಮೇಲೆ ಫ್ರಿಜ್‌ನಲ್ಲಿಟ್ಟು ಮರುದಿನ ಬಳಸಿ, ಹೆಚ್ಚೆಂದರೆ ಮೂರು ದಿನದೊಳಗೆ. ವೈನ್ ಬಳಸುವವರಿಗೂ ನಾವು ಹೇಳುವುದು ಫ್ರಿಜ್ ಮತ್ತು ಕೆಲವೇ ದಿನ ಎಂದೇ.

ಓವನ್‌ನಲ್ಲಿ ಮದ್ಯ ಪೂರ್ತಿ ಹೋಗುತ್ತದೆಯೇ?

ಹೋಗುವುದಿಲ್ಲ. ಮದ್ಯಸಾರ 78 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ಬಿಸಿ ತಾಗಿದೊಡನೆ ಎಲ್ಲವೂ ಹಾರಿಹೋಗುತ್ತದೆ ಎಂದು ನಂಬುವವರು ಹೆಚ್ಚು. ಆದರೆ ನೀರಿನೊಂದಿಗೆ ಬೆರೆತ ಮದ್ಯಸಾರ ಹಾಗೆ ಒಮ್ಮೆಗೇ ಬೇರ್ಪಡುವುದಿಲ್ಲ, ದಪ್ಪ ಕೇಕ್‌ನ ನಡುವಿನಿಂದ ಅದು ಹೊರಬರುವ ದಾರಿಯೂ ಉದ್ದ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ, ಮದ್ಯ ಬೆರೆಸಿದ ಖಾದ್ಯವನ್ನು ಒಂದು ಗಂಟೆ ಬೇಯಿಸಿದರೆ ನಾಲ್ಕನೆಯ ಒಂದು ಪಾಲು ಉಳಿಯುತ್ತದೆ, ಒಂದೂವರೆ ಗಂಟೆ ಬೇಯಿಸಿದರೆ ಐದನೆಯ ಒಂದು ಪಾಲು.

ನಮ್ಮ ಭರಣಿಯ ಹಣ್ಣು, ರಮ್ ಎರಡನ್ನೂ ಒಂದೇ ಕೇಕ್‌ಗೆ ಹಾಕಿ ಒಂದೂವರೆ ಗಂಟೆ ಬೇಯಿಸಿದೆವು ಎನ್ನೋಣ. 107 ಮಿಲಿಯಲ್ಲಿ 21 ಮಿಲಿಯಷ್ಟು ಉಳಿಯಿತು, ತೂಕದಲ್ಲಿ ಸುಮಾರು 17 ಗ್ರಾಂ. 20 ತುಂಡು ಮಾಡಿದರೆ ಒಂದೊಂದರಲ್ಲೂ ಒಂದು ಗ್ರಾಂಗೆ ತುಸು ಕಡಿಮೆ. ಆರೋಗ್ಯವಂತ ವಯಸ್ಕರಿಗೆ ಇದರಿಂದ ಅಮಲೇರುವುದಿಲ್ಲ. ಆದರೆ ಚಿಕ್ಕ ಮಕ್ಕಳು, ಗರ್ಭಿಣಿಯರು, ಧರ್ಮದ ಕಾರಣಕ್ಕೆ ಮದ್ಯ ಮುಟ್ಟದವರು ಇದ್ದಾಗ ‘ಏನೂ ಇಲ್ಲ’ ಎಂದು ಕೊಡುವುದು ಸುಳ್ಳು ಹೇಳಿದಂತೆ. ಕುಡಿತ ಬಿಡಿಸಲು ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗಂತೂ ಸ್ವಲ್ಪ ಮದ್ಯಸಾರವೂ ಮುಖ ಕೆಂಪೇರುವುದು, ವಾಂತಿ, ಎದೆಬಡಿತಗಳನ್ನು ತರಬಹುದು. ಬೇಯಿಸಿದ ಮೇಲೆ ಕೇಕ್‌ಗೆ ಚಮಚದಿಂದ ಉಣಿಸುವ ರಮ್ ಬೆಂಕಿಯನ್ನೇ ಕಾಣದ ಕಾರಣ ಅದರ ಬಹುಪಾಲು ಅಲ್ಲೇ ಇರುತ್ತದೆ.

ಸಕ್ಕರೆ ಸುಡುವ ಹದ

ಕೇಕ್‌ನ ಗಾಢ ಕಂದು ಬಣ್ಣ ಮತ್ತು ಸಿಹಿಯ ಹಿಂದೆ ಸುಳಿಯುವ ತೆಳು ಕಹಿ, ಎರಡೂ ಸುಟ್ಟ ಸಕ್ಕರೆಯ ಕೊಡುಗೆ. ಒಂದು ಕಿಲೋ ತೂಗುವ ಕೇಕ್‌ಗೆ 100 ಗ್ರಾಂ ಸಕ್ಕರೆ ಸಾಕು. ಸ್ಟೀಲಿನ ದಪ್ಪ ತಳದ ಎತ್ತರದ ಪಾತ್ರೆಗೆ ಸಕ್ಕರೆ, ಎರಡು ಚಮಚ ನೀರು ಹಾಕಿ ಮಧ್ಯಮ ಉರಿಯಲ್ಲಿಡಿ. ಕಪ್ಪು ನಾನ್‌ಸ್ಟಿಕ್ ಬೇಡ, ಅದರಲ್ಲಿ ಬಣ್ಣ ಕಾಣುವುದೇ ಇಲ್ಲ. ಸೌಟು ಹಾಕಿ ಕದಡದೆ ಪಾತ್ರೆಯನ್ನೇ ಆಡಿಸಿ, ಕದಡಿದರೆ ಸಕ್ಕರೆ ಮತ್ತೆ ಹರಳುಗಟ್ಟುತ್ತದೆ. ನೀರು ಆವಿಯಾಗಿ ಪಾಕ 160 ಡಿಗ್ರಿ ದಾಟಿದ ಮೇಲೆ ಸಕ್ಕರೆಯ ಅಣುಗಳು ಒಡೆಯುತ್ತವೆ, ತಮ್ಮೊಳಗಿನ ನೀರನ್ನು ಕಳೆದುಕೊಂಡು ಒಂದಕ್ಕೊಂದು ಬೆಸೆದು ಕಂದು ಬಣ್ಣದ ದೊಡ್ಡ ಅಣುಗಳಾಗುತ್ತವೆ. ಬಣ್ಣ ಏರಿದಷ್ಟೂ ಸಿಹಿ ಇಳಿಯುತ್ತದೆ.

ಜೇನಿನ ಬಣ್ಣಕ್ಕೆ ಬರುವವರೆಗೆ ನಿಧಾನ, ಅಲ್ಲಿಂದ ಮುಂದೆ ಓಟ. ಗುಳ್ಳೆಗಳು ಸಣ್ಣದಾಗಿ ನೊರೆಯಂತಾಗುತ್ತವೆ, ತೆಳ್ಳನೆಯ ಹೊಗೆ ಏಳುತ್ತದೆ, ಪಾಕ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಆಗ ಅದು ಹೆಚ್ಚುಕಡಿಮೆ 190 ಡಿಗ್ರಿಯಲ್ಲಿರುತ್ತದೆ. ಒಂದು ಕ್ಷಣ ಮೊದಲೇ ಉರಿ ಆರಿಸುವುದು ಜಾಣತನ, ಏಕೆಂದರೆ ಪಾತ್ರೆಯ ಬಿಸಿಗೇ ಬಣ್ಣ ಇನ್ನೂ ಏರುತ್ತದೆ. ನಂತರ 80 ಮಿಲಿ ಕುದಿಯುವ ನೀರನ್ನು ಮುಖ ದೂರವಿಟ್ಟು, ಉದ್ದ ತೋಳಿನ ಬಟ್ಟೆ ಹಾಕಿಕೊಂಡು, ಸ್ವಲ್ಪ ಸ್ವಲ್ಪವೇ ಪಾತ್ರೆಯ ಅಂಚಿನಿಂದ ಸುರಿಯಿರಿ. ಅಷ್ಟು ಬಿಸಿಗೆ ಬಿದ್ದ ನೀರು ತಕ್ಷಣ ಆವಿಯಾಗಿ ಪಾಕವನ್ನು ಮೇಲಕ್ಕೆ ಎರಚುತ್ತದೆ. ತಣ್ಣೀರಾದರೆ ಪಾಕ ಕಲ್ಲಿನಂತೆ ಗಟ್ಟಿಯೂ ಆಗುತ್ತದೆ. ಗಟ್ಟಿಯಾದರೆ ಗಾಬರಿ ಬೇಡ, ಸಣ್ಣ ಉರಿಯಲ್ಲಿ ಕುದಿಸಿದರೆ ಕರಗುತ್ತದೆ. ಪಾಕ ಕೈಗೆ ಸಿಡಿದರೆ ಅಂಟಿದ್ದನ್ನು ಕೀಳಲು ಹೋಗದೆ, ಹರಿಯುವ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ.

ಹದ ಸರಿಯಿದೆಯೇ ಎಂದು ನೋಡಲು ಒಂದು ಹನಿಯನ್ನು ಬಿಳಿ ತಟ್ಟೆಯ ಮೇಲೆ ಹರಡಿ. ತೆಳುವಾದ ಅಂಚು ಕೆಂಪು ಕಂದಾಗಿದ್ದರೆ ಸರಿ. ಬೂದುಗಪ್ಪಾಗಿದ್ದು ಕರಗದ ಕರಿ ಚೂರುಗಳಿದ್ದರೆ, ಆರಿದ ಮೇಲೆ ನಾಲಿಗೆಯಲ್ಲಿ ಕಹಿ ಮಾತ್ರ ಉಳಿದರೆ, ಅದು ಇದ್ದಿಲಾಗಿದೆ. ಹೆಚ್ಚು ಸಕ್ಕರೆ ಹಾಕಿ ಆ ಕಹಿಯನ್ನು ಮುಚ್ಚಲಾಗದು. 100 ಗ್ರಾಂ ಸಕ್ಕರೆ ಚೆಲ್ಲಿ ಮತ್ತೆ ಮಾಡುವುದು, ಮೂರು ತಿಂಗಳು ನೆನೆದ ಹಣ್ಣನ್ನು ಕೆಡಿಸಿಕೊಳ್ಳುವುದಕ್ಕಿಂತ ಅಗ್ಗ.

ಕ್ಯಾನ್ಸರ್ ಭಯ ಎಲ್ಲಿಂದ ಬಂತು?

ಕಾರ್ಖಾನೆಗಳಲ್ಲಿ ಮಾಡುವ ಕ್ಯಾರಮೆಲ್ ಬಣ್ಣದಲ್ಲಿ ನಾಲ್ಕು ಬಗೆಗಳಿವೆ, 150ಎಯಿಂದ 150ಡಿವರೆಗೆ. ಇವುಗಳಲ್ಲಿ 150ಸಿ ಮತ್ತು 150ಡಿ ತಯಾರಿಸುವಾಗ ಅಮೋನಿಯಾ ಸಂಯುಕ್ತಗಳನ್ನು ಬಳಸುತ್ತಾರೆ. ಆಗ 4-ಮೀಥೈಲ್ ಇಮಿಡಜೋಲ್ ಎಂಬ ವಸ್ತು ಸ್ವಲ್ಪ ಪ್ರಮಾಣದಲ್ಲಿ ಉಂಟಾಗುತ್ತದೆ. ಹೆಚ್ಚಿನ ಪ್ರಮಾಣದಲ್ಲಿ ತಿನ್ನಿಸಿದ ಇಲಿಗಳಲ್ಲಿ ಗೆಡ್ಡೆಗಳು ಕಂಡ ಮೇಲೆ 2011ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದನ್ನು ತನ್ನ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು, ಕೋಲಾ ಪಾನೀಯಗಳ ಬಗ್ಗೆ ಸುದ್ದಿಯಾಯಿತು. ‘ಕ್ಯಾರಮೆಲ್’ ಎಂಬ ಒಂದೇ ಹೆಸರಿನಿಂದಾಗಿ ಆ ಭಯ ಅಡುಗೆಮನೆಯ ಪಾತ್ರೆಗೂ ಬಂದು ಕೂತಿತು. ಆದರೆ ಆ ವಸ್ತುವಿನ ಅಣುವಿನಲ್ಲಿ ಸಾರಜನಕ ಇರಲೇಬೇಕು. ಸಕ್ಕರೆಯಲ್ಲಾಗಲಿ ನೀರಿನಲ್ಲಾಗಲಿ ಸಾರಜನಕವಿಲ್ಲ. ಮನೆಯಲ್ಲಿ ಸುಟ್ಟ ಸಕ್ಕರೆ ಅಮೋನಿಯಾ ಸೋಕದ 150ಎಗೆ ಹತ್ತಿರದ್ದು. ಅಂಗಡಿಯಿಂದ ತಂದ ಕೇಕ್‌ನಲ್ಲಿ ಯಾವುದಿದೆ ಎಂದು ತಿಳಿಯಬೇಕಿದ್ದರೆ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ INS 150a, INS 150c ಅಥವಾ INS 150d ಎಂದು ಬರೆದಿದೆಯೇ ನೋಡಿ.